ಕಾರಿನ ಪರದೆಯಲ್ಲಿ 🥥 ಚೌಕವಾಗುವುದೇಕೆ?

ಉಂಡೆ ಕೊಬ್ಬರಿಯ ಧಾರಣೆ ತಿಳಿಸುವ ಸಂದೇಶವೊಂದು ತಿಪಟೂರಿನಿಂದ ತುರುವೇಕೆರೆಯ ಬೆಳೆಗಾರರಿಗೆ ಬಂತೆನ್ನಿ: ‘🥥 ಉಂಡೆ ಕೊಬ್ಬರಿ 📉’. ಫೋನಿನಲ್ಲಿ ಕಾಯಿಯೂ ಕಾಣುತ್ತದೆ, ಇಳಿಯುವ ಗೆರೆಯೂ ಕಾಣುತ್ತದೆ. ಅಗ್ಗದ ಸ್ಮಾರ್ಟ್‌ವಾಚಿನಲ್ಲಿ ಇವೆರಡೂ ಖಾಲಿ ಚೌಕಗಳಾಗಬಹುದು, ಇಲ್ಲವೇ ಗುರುತೇ ಇಲ್ಲದೆ ಬಿಟ್ಟುಹೋಗಬಹುದು. ಆಗ ಧಾರಣೆ ಏರಿತೋ ಇಳಿಯಿತೋ ಗೊತ್ತಾಗುವುದಿಲ್ಲ.

ಪರದೆ ಚಿಕ್ಕದಾದ್ದರಿಂದ ಚಿತ್ರ ಹಿಡಿಯಲಿಲ್ಲ ಎಂದು ಹಲವರು ನಂಬಿದ್ದಾರೆ. ಅದು ನಿಜವಲ್ಲ. ಎಮೋಜಿ ಚಿತ್ರವಾಗಿ ಪ್ರಯಾಣ ಮಾಡುವುದೇ ಇಲ್ಲ. ಹೋಗುವುದು ಸಂಖ್ಯೆ ಮಾತ್ರ. ತೆಂಗಿನಕಾಯಿಯ ಸಂಖ್ಯೆ U+1F965, ಯೂನಿಕೋಡಿಗೆ ಸೇರಿದ್ದು 2017ರಲ್ಲಿ. ಆ ಸಂಖ್ಯೆಯನ್ನು ಪಡೆದ ಸಾಧನವೇ ಅದಕ್ಕೆ ತಕ್ಕ ಚಿತ್ರವನ್ನು ತನ್ನ ಫಾಂಟಿನಿಂದ ಬಿಡಿಸಬೇಕು. ಆಪಲ್ ವಾಚ್, ವೇರ್ ಓಎಸ್ ಗಡಿಯಾರಗಳಲ್ಲಿ ಬಣ್ಣದ ಎಮೋಜಿ ಫಾಂಟ್ ಇರುತ್ತದೆ. ಅಗ್ಗದ ಬ್ಯಾಂಡುಗಳಲ್ಲಿ ಅದಕ್ಕೆ ಜಾಗ ಸಾಲದು. ಹಾಗಾಗಿ ತಯಾರಕರು ಕೆಲವೇ ಚಿಹ್ನೆಗಳನ್ನು ತುಂಬಿರುತ್ತಾರೆ. ಫೋನನ್ನು ಎಷ್ಟೇ ನವೀಕರಿಸಿದರೂ ಆ ಬ್ಯಾಂಡಿನೊಳಗಿನ ಫಾಂಟು ಬದಲಾಗುವುದಿಲ್ಲ.

ಹಳೆಯ ಚಿಹ್ನೆಗಳು ಹೆಚ್ಚು ಕಡೆ ಉಳಿಯುತ್ತವೆ. ☀, ☎, ❤, ↓ ಇವೆಲ್ಲ U+FFFF ಒಳಗಿನ ಸಂಖ್ಯೆಗಳು. ಬಣ್ಣ ಹೋದರೂ ಕಪ್ಪು ಬಿಳುಪಿನ ಆಕಾರವಾದರೂ ಸಿಗುವ ಸಾಧ್ಯತೆ ಹೆಚ್ಚು. 🥥, 📉 ಆ ಗಡಿಯ ಆಚೆಗಿವೆ. ಕೆಲವು ಸರಳ ಸಾಧನಗಳ ತಂತ್ರಾಂಶ ಅಲ್ಲಿಯವರೆಗೆ ಓದುವುದೇ ಇಲ್ಲ. ₹ ಗಡಿಯೊಳಗೇ ಇದ್ದರೂ 2010ರಲ್ಲಿ ಸೇರಿದ್ದರಿಂದ, ಅದಕ್ಕಿಂತ ಹಳೆಯ ಫಾಂಟಿನಲ್ಲಿ ಅದೂ ಚೌಕವೇ. ಧಾರಣೆ ಕಳಿಸುವವರು ‘ರೂ.’, ‘ಇಳಿಕೆ’ ಎಂದು ಅಕ್ಷರದಲ್ಲಿ ಬರೆಯುವುದೇ ಕ್ಷೇಮ.

ಕೆಲವು ಎಮೋಜಿಗಳು ಮಾಯವಾಗದೆ ಒಡೆದುಹೋಗುತ್ತವೆ. ರೈತನ ಚಿತ್ರ 👨‍🌾 ಒಂದೇ ಸಂಖ್ಯೆಯದಲ್ಲ: ಗಂಡಸು 👨, ಕಣ್ಣಿಗೆ ಕಾಣದ ಜೋಡಣೆ ಗುರುತು, ತೆನೆ 🌾, ಹೀಗೆ ಮೂರು ಸೇರಿದ್ದು. ಈ ಜೋಡಿಯನ್ನು ಅರಿಯದ ಫಾಂಟು ಗಂಡಸನ್ನೂ ತೆನೆಯನ್ನೂ ಪಕ್ಕಪಕ್ಕದಲ್ಲಿ ಇಡುತ್ತದೆ. ಯಾರೋ ಎರಡು ಚಿತ್ರ ಕಳಿಸಿದ್ದಾರೆ ಅನ್ನಿಸಿದರೆ ಕಾರಣ ಇದಿರಬಹುದು.

ಕಾರಿನ ವಿಷಯದಲ್ಲಿ ಇನ್ನೊಂದು ಗೊಂದಲವಿದೆ. ಆಂಡ್ರಾಯ್ಡ್ ಆಟೋ, ಕಾರ್‌ಪ್ಲೇ ಬಳಸುವಾಗ ಪರದೆಯಲ್ಲಿ ಕಾಣುವುದನ್ನು ಬಿಡಿಸುವುದು ಫೋನೇ. ಕಾರು ತೋರಿಸುತ್ತದೆ ಅಷ್ಟೆ. ಬರೀ ಬ್ಲೂಟೂತ್ ಜೋಡಿಸಿದಾಗ ಹಾಗಲ್ಲ, ಫೋನಿನ ಹೆಸರುಗಳ ಪಟ್ಟಿ ಕಾರಿಗೆ ಇಳಿಯುತ್ತದೆ, ಬರೆಯುವುದು ಕಾರಿನದೇ ಫಾಂಟು. ಚಿಕ್ಕನಾಯಕನಹಳ್ಳಿಯ ವ್ಯಾಪಾರಿಯೊಬ್ಬರ ಹೆಸರನ್ನು ‘🥥 ಮಂಡಿ’ ಎಂದು ಉಳಿಸಿದ್ದರೆ, ಕರೆ ಬಂದಾಗ ಮೊದಲು ಚೌಕ ಕಾಣಬಹುದು. ಕಾರಿನಲ್ಲಿ ಕನ್ನಡ ಫಾಂಟೂ ಇಲ್ಲದಿದ್ದರೆ ‘ಮಂಡಿ’ ಕೂಡ ಚೌಕಗಳ ಸಾಲೇ. ಅದೇ ಹೆಸರು ಆಂಡ್ರಾಯ್ಡ್ ಆಟೋದಲ್ಲಿ ಸರಿಯಾಗಿ ಕಂಡು, ಬ್ಲೂಟೂತಿನಲ್ಲಿ ಕೆಟ್ಟರೆ ಕೊರತೆ ಕಾರಿನ ಫಾಂಟಿನದು, ಫೋನಿನದಲ್ಲ. ಅಂಥ ಕಾರಿಗೆ ಆ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ Mandi ಎಂದು ಉಳಿಸಿ, ಬ್ಲೂಟೂತಿನಲ್ಲಿ ಪಟ್ಟಿಯನ್ನು ಮತ್ತೊಮ್ಮೆ ಇಳಿಸಿಕೊಂಡರೆ ಕರೆ ಮಾಡಿದವರು ಯಾರೆಂದು ಓದಬಹುದು.