18 ಪುಟದ ವಿಭಾಗ ಪತ್ರ, ಅಕ್ಕನಿಗೊಂದು ಕಾಗದ

ಅಪ್ಪ, ಅಮ್ಮ ಇಬ್ಬರೂ ತೀರಿಕೊಂಡ ಮೇಲೆ ನಾವು ಮೂವರು ಆಸ್ತಿ ಪಾಲು ಮಾಡಿಕೊಳ್ಳಲು ಕೂತೆವು. ಕರಡು ವಿಭಾಗ ಪತ್ರವೇ 18 ಪುಟ ಬಂತು. ಅಮೆರಿಕದಲ್ಲಿರುವ ಅಕ್ಕ ಫೋನ್ ಮಾಡಿ, "ಎಲ್ಲಾ ಓದಿದೆ ಕಣೋ, ನನಗೇನು ಬಂತು ಅಂತಲೇ ತಿಳೀಲಿಲ್ಲ. ನೀನೇ ಬಿಡಿಸಿ ಬರಿ" ಅಂದಳು.

ಮದುವೆಯಾಗಿ ದೂರ ಹೋದವಳಿಗೆ ಸಮಪಾಲು ಇದೆಯೇ ಎಂಬ ಅಳುಕೂ ಅವಳಿಗಿತ್ತು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕೆಂದು 2005ರ ತಿದ್ದುಪಡಿ ಹೇಳಿತು. ಅದು ಹುಟ್ಟಿನಿಂದಲೇ ಬರುವ ಹಕ್ಕೆಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಅದನ್ನು ಎರಡೇ ಸಾಲಿನಲ್ಲಿ ಬರೆದು ಮುಗಿಸಿದೆ.

ಪತ್ರದ ಮೊದಲ ಪುಟಗಳೆಲ್ಲ ವಂಶವೃಕ್ಷ, ಆಸ್ತಿ ಬಂದ ಬಗೆ. ಯಾರಿಗೆ ಏನು ಎಂಬುದು ಇರುವುದು ಕೊನೆಯ ಷೆಡ್ಯೂಲ್‌ಗಳಲ್ಲಿ. ಹಾಗಾಗಿ ಹಿಂದಿನಿಂದ ಶುರು ಮಾಡಿದೆ: "ಅಕ್ಕಾ, ನಿನ್ನದು 'ಸಿ' ಷೆಡ್ಯೂಲ್. ಜಮೀನು ಒಟ್ಟು 4 ಎಕರೆ 20 ಗುಂಟೆ, ಅಂದರೆ 180 ಗುಂಟೆ. ಒಬ್ಬೊಬ್ಬರಿಗೆ 60. ನಿನಗೆ ಪಡುವಣ ತುದಿ. ಚೆಕ್ಕುಬಂದಿ: ಪೂರ್ವಕ್ಕೆ ನನ್ನ ಭಾಗ, ಪಶ್ಚಿಮಕ್ಕೆ ಹಳ್ಳ, ಉತ್ತರಕ್ಕೂ ದಕ್ಷಿಣಕ್ಕೂ ಬೇರೆಯವರ ಹೊಲ..."

ಇಲ್ಲಿ ಪೆನ್ನು ನಿಂತಿತು. ರಸ್ತೆ ಇರುವುದು ಮೂಡಲಲ್ಲಿ, ಅಣ್ಣನ ಭಾಗದ ಆಚೆ. ಬಾವಿಯೂ ಅವನ ಭಾಗದಲ್ಲೇ. ನಮ್ಮಿಬ್ಬರ ಹೊಲ ತುಳಿಯದೆ ಅಕ್ಕ ತನ್ನ ಜಮೀನಿಗೆ ಹೋಗುವಂತಿಲ್ಲ, ಕರಡಿನಲ್ಲಿ ದಾರಿಯ ಮಾತೇ ಇಲ್ಲ. "ನಾನೇನು ಅವಳನ್ನ ತಡೀತೀನೇನೋ?" ಎಂದ ಅಣ್ಣ. ಅವನು ತಡೆಯುವುದಿಲ್ಲ, ನನಗೆ ಗೊತ್ತು. ನಾಳೆ ಅವನಿಂದ ಕೊಂಡವನು ತಡೆದರೆ? ಉತ್ತರದ ಬದುವಿನುದ್ದಕ್ಕೂ 10 ಅಡಿ ಗಾಡಿದಾರಿ, ಬಾವಿಯ ನೀರು ಮೂರು ದಿನಕ್ಕೊಮ್ಮೆ ಸರದಿಯಂತೆ, ಪಂಪಿನ ರಿಪೇರಿ ಖರ್ಚು ಮೂವರದ್ದು ಎಂದು ಸೇರಿಸಿದೆವು. ನೋಂದಣಿಗೆ ಬೇಕಾದ 11ಇ ನಕ್ಷೆಗೆ ಸರ್ವೇಯರ್ ಬಂದಾಗ ದಾರಿಯನ್ನು ಅದರಲ್ಲೂ ತೋರಿಸಲು ಕೇಳಿಕೊಂಡೆ.

ಆಮೇಲೆ ಮನೆ. ಬೆಲೆ 45 ಲಕ್ಷ ಎಂದು ಒಪ್ಪಿದ್ದೆವು. ಅಣ್ಣ ಇಟ್ಟುಕೊಂಡು ನಮಗೆ ತಲಾ 15 ಲಕ್ಷ ಕೊಡಬೇಕು. ಸದ್ಯ 5 ಲಕ್ಷ, ಉಳಿದದ್ದು ಆರು ತಿಂಗಳಲ್ಲಿ. ಕರಡಿನಲ್ಲಿ ಮಾತ್ರ 'ಪೂರ್ತಿ ಹಣ ಸಂದಾಯವಾಗಿದೆ' ಎಂದಿತ್ತು! ಯಾವುದೋ ಹಳೆಯ ಪತ್ರದಿಂದ ಎತ್ತಿಟ್ಟ ಸಾಲಿರಬೇಕು. ಅದಕ್ಕೆ ಸಹಿ ಬಿದ್ದರೆ 10 ಲಕ್ಷ ಬಾಕಿ ಇದೆ ಎಂದು ಮುಂದೆ ಸಾಬೀತುಮಾಡುವ ಕಷ್ಟ ಅಕ್ಕನದು. ಬಾಕಿ ಮೊತ್ತ, ಕೊನೆಯ ತಾರೀಕು, ತೀರುವವರೆಗೆ ಮನೆಯ ಮೇಲೆ ಅದರ ಭಾರ ಇರುತ್ತದೆ ಎಂಬ ಮಾತು, ಮೂರನ್ನೂ ಬರೆಸಿದೆವು.

ಕಾಗದದ ಕೊನೆಗೆ ಸಹಿಯ ವಿಚಾರ. ಅಕ್ಕ ಬರಲಾಗದಿದ್ದರೆ ಅಲ್ಲಿನ ಭಾರತೀಯ ದೂತಾವಾಸದಲ್ಲಿ ಅಧಿಕಾರ ಪತ್ರಕ್ಕೆ ಸಹಿ ಮಾಡಿ ದೃಢೀಕರಿಸಿ ಕಳಿಸಬೇಕು. ಅದು ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ಅವಳಿಗೆ ಯಾರೋ ಕಳಿಸಿದ್ದ ನಮೂನೆಯಲ್ಲಿ 'ಮಾರಲು, ಅಡವಿಡಲು' ಎಂಬ ಪದಗಳಿದ್ದವು. ಅವನ್ನು ತೆಗೆಸಿ, ಈ ವಿಭಾಗ ಪತ್ರದ ಸಹಿಗೂ ನೋಂದಣಿಗೂ ಮಾತ್ರ ಎಂದು ಬರೆಸು ಅಂತ ಅಡಿಗೆರೆ ಎಳೆದು ಕಳಿಸಿದೆ.