ಟಿಇಟಿ ಇಂಗ್ಲಿಷ್: ವ್ಯಾಕರಣ ಬಲ್ಲವರೂ ಎಡವುವುದೆಲ್ಲಿ?

ಡಿ.ಇಎಲ್.ಇಡಿ ಅಥವಾ ಬಿ.ಇಡಿ ಮುಗಿಸಿ ಶಿಕ್ಷಕರ ಅರ್ಹತಾ ಪರೀಕ್ಷೆಗೆ ಕೂರುವ ಕನ್ನಡ ಮಾಧ್ಯಮದ ಅಭ್ಯರ್ಥಿಗಳಲ್ಲಿ ಬಹುತೇಕರಿಗೆ ಎರಡನೆಯ ಭಾಷೆ ಇಂಗ್ಲಿಷ್. ಒಟ್ಟು 150 ಅಂಕಗಳಲ್ಲಿ ಅದರ ಪಾಲು 30. ತಯಾರಿಯೆಂದರೆ ಟೆನ್ಸ್, ಆರ್ಟಿಕಲ್, ಪ್ರಿಪೊಸಿಷನ್ ಉರು ಹೊಡೆಯುವುದು ಎಂದೇ ಹಲವರ ತಿಳಿವಳಿಕೆ. ಆದರೆ ಆ 30ರ ಅರ್ಧ ಭಾಗ ಬೋಧನಾಶಾಸ್ತ್ರಕ್ಕೆ ಮೀಸಲು. ಅಲ್ಲಿ ಕೇಳುವುದು ನಿಮಗೆಷ್ಟು ಇಂಗ್ಲಿಷ್ ಗೊತ್ತು ಎಂದಲ್ಲ, ಮಗು ಅದನ್ನು ಹೇಗೆ ಕಲಿಯುತ್ತದೆಂಬುದು ಗೊತ್ತೇ ಎಂದು.

ಇಂಥ ಪ್ರಶ್ನೆಯ ಒಂದು ಮಾದರಿ ನೋಡಿ. ನಾಲ್ಕನೇ ತರಗತಿಯ ಹುಡುಗಿ 'ಐ ಗೋಡ್ ಟು ದ ಮಾರ್ಕೆಟ್' ಎನ್ನುತ್ತಾಳೆ. ಶಿಕ್ಷಕಿ ಏನು ಮಾಡಬೇಕು? ತಕ್ಷಣ ತಡೆದು ತಿದ್ದುವುದು, ಸರಿಯಾದ ರೂಪವನ್ನು ಹತ್ತು ಸಲ ಬರೆಸುವುದು, ಏನೂ ಹೇಳದೆ ಬಿಟ್ಟುಬಿಡುವುದು, 'ಓ, ಯು ವೆಂಟ್ ಟು ದ ಮಾರ್ಕೆಟ್? ವಾಟ್ ಡಿಡ್ ಯು ಬೈ?' ಎಂದು ಮಾತು ಮುಂದುವರಿಸುವುದು: ಇವು ನಾಲ್ಕು ಆಯ್ಕೆಗಳು.

ವ್ಯಾಕರಣದಲ್ಲಿ ಪಳಗಿದವರ ಕೈ ಮೊದಲ ಆಯ್ಕೆಯತ್ತ ಹೋಗುತ್ತದೆ. ಸರಿಯುತ್ತರ ನಾಲ್ಕನೆಯದು. ವಾಕ್ ಎಂಬುದು ವಾಕ್ಡ್ ಆಗುವುದನ್ನು, ಪ್ಲೇ ಎಂಬುದು ಪ್ಲೇಡ್ ಆಗುವುದನ್ನು ಕೇಳಿದ ಹುಡುಗಿ, ಯಾರೂ ಹೇಳಿಕೊಡದೆ ನಿಯಮ ಕಂಡುಕೊಂಡು ಅದನ್ನು ಗೋ ಪದಕ್ಕೂ ಹಚ್ಚಿದ್ದಾಳೆ. ನಮ್ಮ ಮನೆಯ ಪುಟ್ಟ ಮಕ್ಕಳೂ 'ನೋಡಿದ', 'ಹಾಡಿದ' ಕೇಳಿ 'ಕೊಟ್ಟ' ಎನ್ನುವ ಬದಲು 'ಕೊಡಿದ' ಎನ್ನುವುದುಂಟು. ಇದು ಕಲಿಕೆ ನಡೆಯುತ್ತಿದೆ ಎಂಬುದರ ಗುರುತು. ಅರ್ಧದಲ್ಲೇ ತಡೆದರೆ ಮಗು ಬಾಯಿ ಮುಚ್ಚುತ್ತದೆ. ಹತ್ತು ಸಲ ಬರೆಸಿದರೆ ಕೈ ನೋಯುತ್ತದೆ, ಮಾತು ಬರುವುದಿಲ್ಲ. ಸುಮ್ಮನೆ ಬಿಟ್ಟರೆ ಸರಿಯಾದ ರೂಪ ಕಿವಿಗೆ ಬೀಳುವುದೇ ಇಲ್ಲ. ನಾಲ್ಕನೆಯ ದಾರಿಯಲ್ಲಿ 'ವೆಂಟ್' ಕಿವಿಗೆ ಬೀಳುತ್ತದೆ, ಸಂಭಾಷಣೆಯೂ ನಿಲ್ಲುವುದಿಲ್ಲ. ಹಾಗೆಂದು ಇದು ಎಲ್ಲ ಕಾಲಕ್ಕೂ ಒಪ್ಪುವ ಉತ್ತರವಲ್ಲ. ಪ್ರಬಂಧದ ಕೊನೆಯ ಕರಡನ್ನು ತಿದ್ದುವ ಸಂದರ್ಭ ಕೊಟ್ಟಿದ್ದರೆ, ತಪ್ಪನ್ನು ನೇರವಾಗಿ ತೋರಿಸುವುದೇ ಸರಿ. ಆದ್ದರಿಂದ ಪ್ರಶ್ನೆಯಲ್ಲಿರುವ ತರಗತಿ, ಮಗುವಿನ ವಯಸ್ಸು, ಚಟುವಟಿಕೆಯ ಉದ್ದೇಶ ಮೂರನ್ನೂ ಮೊದಲು ಗಮನಿಸಬೇಕು.

ಈ ಪರೀಕ್ಷೆಯಲ್ಲೇ ಒಂದು ದೊಡ್ಡ ಕೊರತೆಯಿದೆ. ಆಲಿಸುವುದು, ಮಾತನಾಡುವುದು ಮುಖ್ಯವೆಂದು ಪ್ರಶ್ನೆಪತ್ರಿಕೆ ಒತ್ತಿ ಹೇಳುತ್ತದೆ, ಆದರೆ ಅಭ್ಯರ್ಥಿ ಒಂದು ವಾಕ್ಯವನ್ನೂ ಆಡದೆ ಒಎಂಆರ್ ಹಾಳೆಯಲ್ಲಿ ವೃತ್ತ ತುಂಬಿ ಹೊರಬರುತ್ತಾನೆ. ನಾಲ್ಕನೆಯ ಆಯ್ಕೆ ಗುರುತಿಸಿದವರೇ ತರಗತಿಗೆ ಹೋದಾಗ ಮೊದಲನೆಯದನ್ನು ಮಾಡಿದರೆ ಅದನ್ನು ಹಿಡಿಯುವ ದಾರಿ ಇಲ್ಲಿಲ್ಲ.

ಹಾಗಾಗಿ ತಯಾರಿ ನಡೆಸುತ್ತಿರುವವರಲ್ಲಿ ಒಂದು ವಿನಂತಿ. ಹಳೆಯ ಪ್ರಶ್ನೆಪತ್ರಿಕೆ ಬಿಡಿಸುವಾಗ ಕೀ ಉತ್ತರ ನೋಡಿ ಮುಂದೆ ಹೋಗಬೇಡಿ. ಉಳಿದ ಮೂರು ಆಯ್ಕೆಗಳು ಆ ಮಗುವಿಗೆ ಏನು ಮಾಡುತ್ತವೆ ಎಂಬುದನ್ನು ಗೆಳೆಯರ ಮುಂದೆ ಬಾಯಿಬಿಟ್ಟು, ಸಾಧ್ಯವಾದರೆ ಇಂಗ್ಲಿಷಿನಲ್ಲೇ, ವಿವರಿಸಿ ನೋಡಿ.