ನಿಮಗಿದು ಗೊತ್ತೆ? ತನ್ನನ್ನೇ ಕೊಂದರೂ ಬದುಕುಳಿದ ನೆಬ್ಯುಲಾ

2019ರ ‘ಅವೆಂಜರ್ಸ್: ಎಂಡ್‌ಗೇಮ್’ ಚಿತ್ರದಲ್ಲಿ ನೆಬ್ಯುಲಾ ತನ್ನನ್ನೇ ಗುಂಡಿಟ್ಟು ಕೊಲ್ಲುತ್ತಾಳೆ. ಸತ್ತವಳು 2014ರಿಂದ ಬಂದ ನೆಬ್ಯುಲಾ, ಕೊಂದವಳು 2023ರವಳು. ಒಂಬತ್ತು ವರ್ಷ ಹಿಂದಿನ ತಾನೇ ಸತ್ತ ಮೇಲೆ ಈಗಿನವಳು ಮಾಯವಾಗಬೇಕಿತ್ತಲ್ಲವೇ?

‘ಬ್ಯಾಕ್ ಟು ದಿ ಫ್ಯೂಚರ್’ (1985) ಚಿತ್ರದಲ್ಲಾಗಿದ್ದರೆ ಹೌದು. ಅಲ್ಲಿ ಇರುವುದು ಒಂದೇ ಕಾಲರೇಖೆ. ಭೂತಕಾಲಕ್ಕೆ ಹೋದ ನಾಯಕ ಮಾರ್ಟಿ ತನ್ನ ಅಪ್ಪ-ಅಮ್ಮ ಒಂದಾಗುವುದಕ್ಕೆ ಅಡ್ಡಿಯಾದ ಕೂಡಲೇ ಕೈಯಲ್ಲಿರುವ ಫೋಟೊದಿಂದ ಅವನ ಒಡಹುಟ್ಟಿದವರು ಅಳಿಸಿಹೋಗತೊಡಗುತ್ತಾರೆ. ಹುಟ್ಟದೇ ಇದ್ದವನು ಹಿಂದಕ್ಕೆ ಹೋಗಿ ತನ್ನ ಹುಟ್ಟನ್ನು ತಡೆದದ್ದಾದರೂ ಹೇಗೆ? ಇದೇ ಪ್ರಸಿದ್ಧ ‘ಅಜ್ಜನ ವಿರೋಧಾಭಾಸ’.

‘ಎಂಡ್‌ಗೇಮ್’ ಈ ಗಂಟನ್ನು ಕಟ್ಟುವುದೇ ಇಲ್ಲ. ಬ್ಯಾನರ್ ವಿವರಿಸುವಂತೆ, ನೀವು ಹೋಗಿ ಸೇರಿದ ಭೂತಕಾಲವೇ ನಿಮ್ಮ ಮುಂದಿನ ಬದುಕು; ಬಿಟ್ಟು ಬಂದ ವರ್ತಮಾನ ನಿಮ್ಮ ಹಿಂದಿನ ಕಥೆ. ನಡೆದುಹೋದದ್ದು ಬದಲಾಗದು, ಬದಲಾವಣೆಯಿಂದ ಹೊಸ ಕವಲು ಹುಟ್ಟುತ್ತದೆ. ಸತ್ತ ನೆಬ್ಯುಲಾ ಅಂಥ ಕವಲಿನವಳು. 2014ರ ಥಾನೋಸ್ 2023ಕ್ಕೆ ಬಂದು ಸತ್ತರೂ 2018ರ ಅವನ ಚಿಟಿಕೆ ರದ್ದಾಗದಿರುವುದು ಇದೇ ಕಾರಣಕ್ಕೆ.

ವಿಜ್ಞಾನದಲ್ಲೂ ಇದಕ್ಕೊಂದು ಎಳೆಯಿದೆ. ಚಿತ್ರದಲ್ಲಿ ಟೋನಿ ಹೆಸರಿಸುವ ಡಾಯ್ಚ್ ನಿಜವಾದ ಭೌತವಿಜ್ಞಾನಿ. ಕಾಲಯಾನಿ ಸೇರುವುದು ಬೇರೊಂದು ವಿಶ್ವವನ್ನಾದರೆ ವಿರೋಧಾಭಾಸವಿರದು ಎಂಬ ವಾದವನ್ನು ಡೇವಿಡ್ ಡಾಯ್ಚ್ 1991ರಲ್ಲಿ ಮಂಡಿಸಿದ್ದರು.

ಆದರೂ ಒಂದು ಎಳೆ ಬಿಚ್ಚಿಯೇ ಉಳಿದಿದೆ. ಭೂತಕಾಲದಲ್ಲೇ ಉಳಿದು ಕೊನೆಯಲ್ಲಿ ಮುದುಕನಾಗಿ ಕಾಣಿಸುವ ಸ್ಟೀವ್ ರಾಜರ್ಸ್ ಬಾಳಿದ್ದು ಬೇರೆ ಕವಲಿನಲ್ಲಿ ಎನ್ನುತ್ತಾರೆ ನಿರ್ದೇಶಕರು. ಮೂಲ ರೇಖೆಯಲ್ಲೇ ಎನ್ನುತ್ತಾರೆ ಚಿತ್ರಕಥೆಗಾರರು. ಚಿತ್ರದ ನಿಯಮಕ್ಕೆ ಒಪ್ಪುವುದು ನಿರ್ದೇಶಕರ ಮಾತೇ.